ನಮಾಝಿನ ಕ್ರಮದಲ್ಲೇ ಕಲಿಯುವ ಅರಬಿ ಪದಗಳು: ಹೊಸಬರ ತರಗತಿಗೊಂದು ಪದಕೋಶ

ನಮಾಝ್ ಕಲಿಯುವವರ ಕೈಗೆ ಅಕಾರಾದಿಯಾಗಿ ಜೋಡಿಸಿದ ಪದಪಟ್ಟಿ ಕೊಟ್ಟರೆ ಅದು ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಆ ಪಟ್ಟಿಯಲ್ಲಿ 'ಇಅ್‌ತಿದಾಲ್' ಮೊದಲ ಪುಟದಲ್ಲೂ 'ರುಕೂಅ್' ಕೊನೆಯ ಪುಟದಲ್ಲೂ ಇರುತ್ತದೆ. ನಮಾಝಿನಲ್ಲಾದರೋ ರುಕೂಅ್ ಮುಗಿದ ಮರುಕ್ಷಣವೇ ಇಅ್‌ತಿದಾಲ್. ಆದ್ದರಿಂದ ಇಲ್ಲಿ ಫಜ್ರ್‌ನ ಎರಡು ರಕಅತ್, ಅಂದರೆ ಎರಡು ಸುತ್ತಿನ, ಕಡ್ಡಾಯವಾದ ಫರ್ಝ್ ನಮಾಝನ್ನು ಮೊದಲಿನಿಂದ ಕೊನೆಯವರೆಗೆ ಹಿಡಿದು, ಯಾವ ಪದ ಎಲ್ಲಿ ಬರುತ್ತದೋ ಅಲ್ಲೇ ಅದನ್ನು ವಿವರಿಸಲಾಗಿದೆ. ಐದು ಹೊತ್ತಿನ ಫರ್ಝ್‌ಗಳಲ್ಲಿ ಅತಿ ಚಿಕ್ಕದು ಇದೇ. ಇದರ ಪದಗಳು ಗೊತ್ತಾದರೆ ಝುಹ್ರ್, ಅಸರ್ ಮತ್ತು ಇಶಾದ ನಾಲ್ಕು ರಕಅತ್‌ಗಳಿಗೂ ಮಗ್ರಿಬ್‌ನ ಮೂರಕ್ಕೂ ಹೊಸದಾಗಿ ಕಲಿಯಬೇಕಾದದ್ದು ತೀರ ಕಡಿಮೆ.

ಶುರು ಮಾಡುವ ಮೊದಲು ಒಂದು ವ್ಯತ್ಯಾಸ ಸ್ಪಷ್ಟವಾಗಬೇಕು. ತರಗತಿಯಲ್ಲಿ ಕಿವಿಗೆ ಬೀಳುವ ಅರಬಿ ಪದಗಳು ಎರಡು ಬಗೆಯವು. ಕೆಲವು ಬಾಯಿಂದ ಹೇಳಬೇಕಾದ ಮಾತುಗಳು. ಉಳಿದವು ಆ ಮಾತಿಗೋ ದೇಹದ ಆ ಭಂಗಿಗೋ ಇಟ್ಟ ಹೆಸರುಗಳು. 'ಅಲ್ಲಾಹು ಅಕ್ಬರ್' ಎನ್ನುವುದು ಹೇಳುವ ಮಾತು. 'ತಕ್ಬೀರ್' ಎನ್ನುವುದು ಅದರ ಹೆಸರು. "ತಸ್ಬೀಹ್ ಹೇಳಿ" ಎಂದಾಗ ತಸ್ಬೀಹ್ ಎಂಬ ಪದವನ್ನೇ ಹೇಳಿದವರಿದ್ದಾರೆ. ಹೆಸರು ಯಾವುದು, ಮಾತು ಯಾವುದು ಎಂದು ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ ಅಷ್ಟೆ. ಈ ಹೆಸರುಗಳಲ್ಲಿ ಹಲವು ಒಂದೇ ಅಚ್ಚಿನಲ್ಲಿವೆ: ತಕ್ಬೀರ್ ಎಂದರೆ 'ಅಲ್ಲಾಹು ಅಕ್ಬರ್' ಹೇಳುವುದು, ತಸ್ಬೀಹ್ ಎಂದರೆ 'ಸುಬ್‌ಹಾನ' ಎಂದು ಶುರುವಾಗುವ ಮಾತನ್ನು ಹೇಳುವುದು, ತಸ್ಮೀಅ್ ಎಂದರೆ 'ಸಮಿಅಲ್ಲಾಹು' ಹೇಳುವುದು, ತಹ್‌ಮೀದ್ ಎಂದರೆ 'ಹಮ್ದ್' ಇರುವ ಮಾತನ್ನು ಹೇಳುವುದು, ತಸ್ಲೀಮ್ ಎಂದರೆ ಸಲಾಂ ಹೇಳುವುದು. ಅಚ್ಚು ಗುರುತಾದರೆ ಐದು ಪದಗಳನ್ನು ಪ್ರತ್ಯೇಕವಾಗಿ ಉರು ಹೊಡೆಯಬೇಕಾಗಿಲ್ಲ. ನಿಮ್ಮ ಟಿಪ್ಪಣಿ ಪುಸ್ತಕದಲ್ಲಿ ಪುಟವನ್ನು ಎರಡಾಗಿ ಸೀಳಿ, ಎಡಕ್ಕೆ ಹೆಸರನ್ನೂ ಬಲಕ್ಕೆ ಹೇಳುವ ಮಾತನ್ನೂ ಬರೆದುಕೊಳ್ಳಿ.

ನಿಯಮದ ಪದಗಳು

ಶರ್ತ್, ರುಕ್ನ್, ವಾಜಿಬ್, ಸುನ್ನತ್ ಎಂಬ ನಾಲ್ಕು ಪದಗಳು ಪಾಠದುದ್ದಕ್ಕೂ ಬರುತ್ತಲೇ ಇರುತ್ತವೆ. ಶರ್ತ್ ಎಂದರೆ ನಮಾಝ್ ಸಿಂಧುವಾಗಲು ಮುಂಚಿತವಾಗಿಯೇ ಇರಬೇಕಾದ ಮತ್ತು ಕೊನೆಯವರೆಗೂ ಉಳಿಯಬೇಕಾದ ಷರತ್ತು. ವುಝೂ ಅಂದರೆ ನೀರಿನಿಂದ ಮಾಡಿದ ಅಂಗಶುದ್ಧಿ ಇರುವುದು, ದೇಹ, ಬಟ್ಟೆ ಹಾಗೂ ಜಾಗ ಶುದ್ಧವಾಗಿರುವುದು, ಔರತ್ ಅಂದರೆ ಮುಚ್ಚಲೇಬೇಕಾದ ದೇಹಭಾಗ ಮುಚ್ಚಿರುವುದು, ವಖ್ತ್ ಅಂದರೆ ಹೊತ್ತು ಆಗಿರುವುದು, ಕಿಬ್ಲಾದ ಕಡೆಗೆ ಅಂದರೆ ಮಕ್ಕಾದ ಕಅ್‌ಬಾದ ದಿಕ್ಕಿಗೆ ಮುಖ ಮಾಡಿರುವುದು, ಇವೆಲ್ಲ ಶರ್ತ್‌ಗಳು. ನಡುವೆ ವುಝೂ ಮುರಿದರೆ ನಮಾಝೂ ಮುರಿಯುವುದು ಇದರಿಂದಲೇ.

ರುಕ್ನ್ ಎಂದರೆ ನಮಾಝಿನ ಒಳಗಿನ ಕಂಬ, ಬಹುವಚನ ಅರ್ಕಾನ್. ರುಕೂಅ್ ಒಂದು ರುಕ್ನ್. ಮರೆತು ಬಿಟ್ಟರೂ ಅದಕ್ಕೆ ಬದಲಿಯಿಲ್ಲ, ಮಾಡಿಯೇ ತೀರಬೇಕು. ವಾಜಿಬ್ ಎಂಬ ಪದದ ಬಳಿ ಮಾತ್ರ ಸ್ವಲ್ಪ ನಿಲ್ಲಬೇಕು, ಏಕೆಂದರೆ ಹನಫೀ, ಶಾಫಿಈ ಎಂಬ ಎರಡು ಮಝ್‌ಹಬ್‌ಗಳಲ್ಲಿ ಅಂದರೆ ಕರ್ಮಶಾಸ್ತ್ರದ ಪಂಥಗಳಲ್ಲಿ ಅದರ ಬಳಕೆ ಒಂದೇ ಅಲ್ಲ. ಹನಫೀ ಮಝ್‌ಹಬ್‌ನಲ್ಲಿ ಫರ್ಝ್‌ಗಿಂತ ಒಂದು ಮೆಟ್ಟಿಲು ಕೆಳಗಿನದು ವಾಜಿಬ್. ಮರೆತು ಬಿಟ್ಟರೆ 'ಸಜ್ದಾ ಸಹ್ವ್' ಅಂದರೆ ಮರೆವಿನ ಸಜ್ದಾ ಮಾಡಿ ಸರಿಪಡಿಸಬಹುದು. ಶಾಫಿಈ ಮಝ್‌ಹಬ್‌ನ ನಮಾಝಿನಲ್ಲಿ ಫರ್ಝ್ ಮತ್ತು ವಾಜಿಬ್ ಬೇರೆಬೇರೆಯಲ್ಲ. ಅಲ್ಲಿರುವುದು ರುಕ್ನ್ ಮತ್ತು ಸುನ್ನತ್. ಸುನ್ನತ್ ಎಂದರೆ ಮಾಡಿದರೆ ಒಳ್ಳೆಯದು, ಬಿಟ್ಟರೂ ನಮಾಝ್ ಕೆಡುವುದಿಲ್ಲ. ಸುನ್ನತ್‌ಗಳಲ್ಲಿಯೇ 'ಅಬ್‌ಆಝ್' ಎಂಬ ಗುಂಪಿನವು ಬಿಟ್ಟುಹೋದರೆ ಸಹ್ವ್‌ನ ಸಜ್ದಾ. ಒಂದು ಪುಸ್ತಕದಲ್ಲಿ ಫಾತಿಹಾ ರುಕ್ನ್ ಎಂದಿದ್ದು ಇನ್ನೊಂದರಲ್ಲಿ ವಾಜಿಬ್ ಎಂದಿದ್ದರೆ ಗಾಬರಿ ಬೇಡ. ಮೊದಲನೆಯದು ಶಾಫಿಈ, ಎರಡನೆಯದು ಹನಫೀ. ತರಗತಿಯ ಮೊದಲ ದಿನವೇ ಯಾವ ಮಝ್‌ಹಬ್‌ನಂತೆ ಕಲಿಸಲಾಗುತ್ತಿದೆ ಎಂದು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ನಿಯ್ಯತ್ ಎಂದರೆ ಯಾವ ನಮಾಝ್ ಎಂದು ಮನಸ್ಸಿನಲ್ಲಿ ಮಾಡುವ ಸಂಕಲ್ಪ. ಅದರ ಜಾಗ ಹೃದಯ. ಬಾಯಿಯಲ್ಲಿ ಝುಹ್ರ್ ಎಂದು ತಪ್ಪಿ ಬಂದರೂ ಮನಸ್ಸಿನಲ್ಲಿ ಅಸರ್ ಇದ್ದರೆ ಲೆಕ್ಕಕ್ಕೆ ಬರುವುದು ಅಸರ್.

ಮೊದಲ ತಕ್ಬೀರ್

ಎರಡೂ ಕೈಗಳನ್ನು ಎತ್ತಿ 'ಅಲ್ಲಾಹು ಅಕ್ಬರ್' ಎಂದು ನಮಾಝಿಗೆ ಪ್ರವೇಶಿಸುವುದೇ ತಕ್ಬೀರತುಲ್ ಇಹ್ರಾಮ್. ಅದುವರೆಗೆ ಮಾಡಬಹುದಾಗಿದ್ದ ಮಾತು, ತಿನಿಸು, ನಡೆದಾಟ ಎಲ್ಲವೂ ಆ ಕ್ಷಣದಿಂದ ಹರಾಂ ಆಗುವುದರಿಂದ ಈ ಹೆಸರು. ಮುಂದೆ ಬಾಗುವಾಗ, ಏಳುವಾಗ ಹೇಳುವ ತಕ್ಬೀರ್‌ಗಳ ಮಾತೂ ಇದೇ. ಆದರೆ ಅವು ಸ್ಥಿತಿ ಬದಲಿಸುವಾಗಿನವು, ತಕ್ಬೀರಾತುಲ್ ಇಂತಿಕಾಲ್. ಅವುಗಳಲ್ಲಿ ಒಂದು ಬಿಟ್ಟುಹೋದರೆ ನಮಾಝ್ ಕೆಡುವುದಿಲ್ಲ. ಮೊದಲನೆಯದು ಬಿಟ್ಟುಹೋದರೆ ನಮಾಝ್ ಶುರುವೇ ಆಗಿಲ್ಲ.

ಉಚ್ಚಾರದಲ್ಲಿ ಎರಡು ತಪ್ಪುಗಳು ತುಂಬ ಸಾಮಾನ್ಯ. ಮೊದಲ 'ಅ'ವನ್ನು ಎಳೆದು 'ಆಲ್ಲಾಹು' ಎಂದರೆ ಅರಬಿಯಲ್ಲಿ ಅದು ಪ್ರಶ್ನೆಯಾಗುತ್ತದೆ. 'ಅಕ್ಬರ್' ಎನ್ನುವಲ್ಲಿ 'ಬ'ವನ್ನು ಎಳೆದು 'ಅಕ್ಬಾರ್' ಎಂದರೆ ಡೋಲುಗಳು ಎಂಬರ್ಥದ ಬೇರೆಯದೇ ಪದವಾಗುತ್ತದೆ. ಎಳೆಯಬೇಕಾದದ್ದು 'ಅಲ್ಲಾಹು' ಎಂಬಲ್ಲಿನ 'ಲಾ' ಒಂದನ್ನೇ. ಬಾಂಗಿನಲ್ಲಿ ಕೇಳಿದ ರಾಗವನ್ನು ನಮಾಝಿಗೂ ತಂದುಕೊಂಡಾಗ ಈ ತಪ್ಪು ನುಸುಳುತ್ತದೆ.

ಕಿಯಾಮ್ ಮತ್ತು ಕಿರಾಅತ್

ನಿಂತಿರುವ ಸ್ಥಿತಿ ಕಿಯಾಮ್; ನಿಂತು ಕುರ್‌ಆನ್ ಓದುವುದು ಕಿರಾಅತ್. ಕೈ ಕಟ್ಟಿದ ಮೇಲೆ ಮೊದಲು ಬರುವುದು ಆರಂಭದ ಪ್ರಾರ್ಥನೆ. ಹನಫೀ ಪಾಠಗಳಲ್ಲಿ ಅದರ ಹೆಸರು ಸನಾ, ಮಾತು 'ಸುಬ್‌ಹಾನಕಲ್ಲಾಹುಮ್ಮ' ಎಂದು ಶುರುವಾಗುತ್ತದೆ. ಶಾಫಿಈ ಪಾಠಗಳಲ್ಲಿ ದುಆಉಲ್ ಇಫ್ತಿತಾಹ್. ಅಲ್ಲಿ 'ವಜ್ಜಹ್‌ತು ವಜ್‌ಹಿಯ' ಎಂದು ಆರಂಭ. ನಂತರ ತಅವ್ವುಝ್, ಅಂದರೆ 'ಅಊಝು ಬಿಲ್ಲಾಹಿ' ಹೇಳುವುದು. ಆಮೇಲೆ ಬಿಸ್ಮಿ. ಫಾತಿಹಾದಲ್ಲಿ ಏಳು ಆಯತ್‌ಗಳು ಎಂಬುದರಲ್ಲಿ ಭೇದವಿಲ್ಲ. ಶಾಫಿಈ ಎಣಿಕೆಯಲ್ಲಿ ಬಿಸ್ಮಿಯೇ ಮೊದಲ ಆಯತ್, ಆದ್ದರಿಂದ ಅದನ್ನು ಬಿಡುವಂತಿಲ್ಲ. ಹನಫೀ ಎಣಿಕೆಯಲ್ಲಿ ಬಿಸ್ಮಿ ಫಾತಿಹಾದ ಭಾಗವಲ್ಲ, ಅದನ್ನು ಮೆಲ್ಲಗೆ ಓದಲಾಗುತ್ತದೆ. ಫಾತಿಹಾದ ಕೊನೆಗೆ ಆಮೀನ್, ಅನಂತರ ಒಂದು ಸೂರಃ ಅಥವಾ ಕೆಲವು ಆಯತ್‌ಗಳು.

ಫಾತಿಹಾವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು ಕಲಿಯುವವರಿಗೆ ಒಂದು ಎಚ್ಚರಿಕೆ ಬೇಕು. ಅರಬಿಯ ಹಲವು ಅಕ್ಷರಗಳು ನಮ್ಮ ಲಿಪಿಗೆ ಬಂದಾಗ ಒಂದಾಗಿಬಿಡುತ್ತವೆ. 'ಅಲೀಮ್' ಎಂದು ನಾವು ಬರೆಯುವ ಪದ ಅರಬಿಯಲ್ಲಿ ಎರಡು: ಗಂಟಲಿನ ನಡುವಿನಿಂದ ಬರುವ 'ಐನ್' ಅಕ್ಷರದಿಂದ ಶುರುವಾದರೆ ಎಲ್ಲವನ್ನೂ ಬಲ್ಲವನು, ಸಾದಾ 'ಹಮ್‌ಝ'ದಿಂದ ಶುರುವಾದರೆ ನೋವು ಕೊಡುವಂಥದ್ದು. ಫಾತಿಹಾದ 'ಆಲಮೀನ್', 'ನಅ್‌ಬುದು', 'ನಸ್ತಈನ್', 'ಅನ್‌ಅಮ್ತ', ಈ ನಾಲ್ಕರಲ್ಲೂ ಐನ್ ಇದೆ. ನಿಮ್ಮ ಪುಸ್ತಕದಲ್ಲಿ ಆ ಜಾಗಗಳ ಕೆಳಗೆ ಗೆರೆ ಎಳೆದಿಡಿ. 'ಅಲ್‌ಹಮ್ದು' ಎಂಬಲ್ಲಿನ 'ಹ' ಗಂಟಲನ್ನು ಬಿಗಿ ಮಾಡಿ ಉಸಿರು ಬಿಡುವ ಹಾ, 'ಇಹ್‌ದಿನಾ' ಎಂಬಲ್ಲಿನದು ನಮ್ಮ ಸಾಮಾನ್ಯ ಹ; ಇವೂ ಒಂದಾಗಬಾರದು.

ಒತ್ತು ಅಂದರೆ ಶದ್ದ್ ಬಿಟ್ಟುಹೋಗುವುದು ಇನ್ನೊಂದು ತೊಂದರೆ. 'ಇಯ್ಯಾಕ' ಎಂಬಲ್ಲಿ 'ಯ'ಗೆ ಒತ್ತಿದೆ. ಅದು ಹಗುರಾಗಿ 'ಇಯಾಕ' ಆದರೆ 'ನಿನ್ನನ್ನೇ' ಎಂಬ ಅರ್ಥ ಹೋಗಿ, ಸೂರ್ಯನ ಬೆಳಕು ಎಂಬರ್ಥದ ಬೇರೆ ಪದ ಬರುತ್ತದೆ. ಕೊನೆಯ ಸ್ವರವೂ ಮುಖ್ಯ. 'ಅನ್‌ಅಮ್ತ' ಎಂದರೆ 'ನೀನು ಅನುಗ್ರಹಿಸಿದೆ'. 'ಅನ್‌ಅಮ್ತು' ಎಂದರೆ 'ನಾನು ಅನುಗ್ರಹಿಸಿದೆ'. ಒಂದು ಉಕಾರ ಅರ್ಥವನ್ನೇ ತಲೆಕೆಳಗು ಮಾಡುತ್ತದೆ. ಆದ್ದರಿಂದ ಕನ್ನಡದಲ್ಲಿ ಬರೆದದ್ದನ್ನು ನೆನಪಿಗೆ ಮಾತ್ರ ಇಟ್ಟುಕೊಂಡು, ಉಚ್ಚಾರವನ್ನು ಬಲ್ಲವರ ಎದುರು ಕುಳಿತು ಒಂದೊಂದೇ ಆಯತ್ ಒಪ್ಪಿಸಿ ತಿದ್ದಿಸಿಕೊಳ್ಳಿ. ಏಳು ಆಯತ್‌ಗಳನ್ನು ಒಟ್ಟಿಗೆ ಒಪ್ಪಿಸಿದರೆ ಕೇಳುವವರಿಗೂ ತಪ್ಪು ಹಿಡಿಯುವುದು ಕಷ್ಟ.

ಜಹ್ರ್ ಎಂದರೆ ಇತರರಿಗೆ ಕೇಳುವಂತೆ ಓದುವುದು, ಸಿರ್‍ರ್ ಎಂದರೆ ತನಗೆ ಮಾತ್ರ ಕೇಳುವಂತೆ ಓದುವುದು. ಫಜ್ರ್‌ನ ಎರಡೂ ರಕಅತ್‌ಗಳಲ್ಲಿ, ಮಗ್ರಿಬ್ ಮತ್ತು ಇಶಾದ ಮೊದಲೆರಡರಲ್ಲಿ ಇಮಾಮ್ ಜಹ್ರ್ ಆಗಿ ಓದುತ್ತಾರೆ. ಝುಹ್ರ್ ಮತ್ತು ಅಸರ್ ಪೂರ್ತಿ ಸಿರ್‍ರ್. ಸಿರ್‍ರ್ ಎಂದರೆ ಮನಸ್ಸಿನಲ್ಲೇ ಓದಿಕೊಳ್ಳುವುದು ಎಂದು ಹಲವರು ತಿಳಿದಿದ್ದಾರೆ. ತುಟಿ ಮುಚ್ಚಿಕೊಂಡು, ನಾಲಿಗೆ ಆಡಿಸದೆ ಮನಸ್ಸಿನಲ್ಲಿ ಹಾಯಿಸಿದ್ದು ಕಿರಾಅತ್ ಆಗುವುದಿಲ್ಲ. ಸದ್ದಿಲ್ಲದ ಕೋಣೆಯಲ್ಲಿ ನಿಮ್ಮ ಕಿವಿಗೆ ನಿಮ್ಮ ಓದು ಕೇಳಬೇಕು, ಪಕ್ಕದವರಿಗೆ ತೊಂದರೆಯಾಗಬಾರದು, ಅಳತೆ ಇಷ್ಟೇ.

ರುಕೂಅ್‌ನಿಂದ ಸುಜೂದ್‌ವರೆಗೆ

ರುಕೂಅ್ ಎಂದರೆ ಅಂಗೈಗಳು ಮಂಡಿಗೆ ಮುಟ್ಟುವಷ್ಟು ಬಾಗುವುದು. ಬೆನ್ನು ಮತ್ತು ತಲೆ ಒಂದೇ ಮಟ್ಟದಲ್ಲಿರುವುದು ಅದರ ಪೂರ್ಣ ರೂಪ. ಇಲ್ಲಿನ ತಸ್ಬೀಹ್ 'ಸುಬ್‌ಹಾನ ರಬ್ಬಿಯಲ್ ಅಝೀಮ್', ಮೂರು ಸಲ ಹೇಳುವುದು ಸುನ್ನತ್. ರುಕೂಅ್‌ನಿಂದ ಎದ್ದು ನೆಟ್ಟಗೆ ನಿಲ್ಲುವುದಕ್ಕೆ ಶಾಫಿಈ ಪುಸ್ತಕಗಳಲ್ಲಿ ಇಅ್‌ತಿದಾಲ್ ಎಂದೂ ಹನಫೀ ಪುಸ್ತಕಗಳಲ್ಲಿ ಕೌಮಾ ಎಂದೂ ಹೆಸರು. ಏಳುತ್ತಾ ಹೇಳುವ 'ಸಮಿಅಲ್ಲಾಹು ಲಿಮನ್ ಹಮಿದಃ' ತಸ್ಮೀಅ್; ನಿಂತ ಮೇಲಿನ 'ರಬ್ಬನಾ ಲಕಲ್ ಹಮ್ದ್' ತಹ್‌ಮೀದ್. ಇಡೀ ರಕಅತ್‌ನಲ್ಲಿ ಸ್ಥಿತಿ ಬದಲಿಸುವಾಗ ತಕ್ಬೀರ್ ಇಲ್ಲದ ಜಾಗ ಇದೊಂದೇ ಎಂದು ನೆನಪಿಟ್ಟರೆ ಸಾಕು. ಇಮಾಮರ ಹಿಂದೆ ನಿಂತ ಹನಫೀಗಳು ತಹ್‌ಮೀದ್ ಮಾತ್ರ ಹೇಳುತ್ತಾರೆ, ಶಾಫಿಈಗಳು ಎರಡನ್ನೂ ಹೇಳುತ್ತಾರೆ.

ಸಜ್ದಾ, ಸುಜೂದ್ ಎಂಬ ಎರಡು ಪದಗಳ ನಡುವೆ ಗೊಂದಲ ಬೇಡ. ಹಣೆ ನೆಲಕ್ಕೆ ಇಡುವ ಕ್ರಿಯೆ ಸುಜೂದ್, ಅದನ್ನು ಒಂದು ಸಲ ಮಾಡುವುದು ಸಜ್ದಾ. ಪ್ರತಿ ರಕಅತ್‌ಗೆ ಎರಡು ಸಜ್ದಾಗಳು. ಮಸ್ಜಿದ್ ಎಂಬ ಪದವೂ ಇದೇ ಮೂಲದ್ದು, ಸಜ್ದಾ ಮಾಡುವ ಜಾಗ. ನೆಲಕ್ಕೆ ತಾಗಬೇಕಾದ ಅಂಗಗಳು ಏಳು: ಹಣೆ (ಜೊತೆಗೆ ಮೂಗು), ಎರಡು ಅಂಗೈ, ಎರಡು ಮಂಡಿ, ಎರಡು ಪಾದಗಳ ಬೆರಳುಗಳು. ಹಣೆ ಇಟ್ಟ ಕೂಡಲೇ ಪಾದಗಳು ಗಾಳಿಗೆ ಏಳುವುದು ಹೊಸಬರಲ್ಲಿ ಹೆಚ್ಚು ಕಾಣುವ ತಪ್ಪು, ಹಿಂದೆ ಕುಳಿತು ನೋಡಿದವರಿಗೆ ಮಾತ್ರ ಅದು ಗೊತ್ತಾಗುತ್ತದೆ. ಟೋಪಿಯ ಅಂಚೋ ತಲೆವಸ್ತ್ರವೋ ಹಣೆಗೆ ಅಡ್ಡ ಬಂದರೆ ಶಾಫಿಈ ಮಝ್‌ಹಬ್‌ನಲ್ಲಿ ಸಜ್ದಾ ಸಾಲದು, ಹಣೆಯ ಸ್ವಲ್ಪ ಭಾಗವಾದರೂ ನೇರವಾಗಿ ತಾಗಬೇಕು. ಇಲ್ಲಿನ ತಸ್ಬೀಹ್‌ನ ಕೊನೆಯ ಪದ 'ಅಝೀಮ್' ಅಲ್ಲ, 'ಅಅ್‌ಲಾ'. ಎರಡು ಸಜ್ದಾಗಳ ನಡುವಿನ ಕೂರುವಿಕೆ ಜಲ್ಸಾ. 'ರಬ್ಬಿಗ್‌ಫಿರ್ ಲೀ' ಅಲ್ಲಿನ ಮಾತು.

ತುಮಅ್‌ನೀನಃ ಎಂಬ ಪದವನ್ನು ಪದಕೋಶಗಳು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತವೆ. ಅದಕ್ಕೆ ಹೆಚ್ಚಿನ ಜಾಗ ಸಲ್ಲಬೇಕು. ಒಂದು ಸ್ಥಿತಿಗೆ ತಲುಪಿದ ಮೇಲೆ ಅಂಗಗಳೆಲ್ಲ ಅಲುಗಾಟ ನಿಲ್ಲಿಸಿ ಸ್ತಬ್ಧವಾಗುವುದು ಅದರ ಅರ್ಥ. ಅವಸರವಾಗಿ ನಮಾಝ್ ಮುಗಿಸಿ ಬಂದ ಒಬ್ಬರಿಗೆ ಪ್ರವಾದಿ ಮುಹಮ್ಮದ್(ಸ) "ಹಿಂತಿರುಗಿ ಹೋಗಿ ನಮಾಝ್ ಮಾಡು, ನೀನು ನಮಾಝ್ ಮಾಡಿಲ್ಲ" ಎಂದು ಮತ್ತೆ ಮತ್ತೆ ಕಳುಹಿಸಿದ ಹದೀಸ್ ಬುಖಾರಿ ಮತ್ತು ಮುಸ್ಲಿಮ್ ಎರಡೂ ಸಂಗ್ರಹಗಳಲ್ಲಿದೆ. ಆ ವ್ಯಕ್ತಿಗೆ ನಂತರ ಕಲಿಸಿದ್ದು ಈ ಸ್ತಬ್ಧತೆಯನ್ನೇ. ಶಾಫಿಈಯಲ್ಲಿ ಇದಿಲ್ಲದಿದ್ದರೆ ಆ ರುಕ್ನ್ ಆಗಲಿಲ್ಲ, ಹನಫೀಯಲ್ಲಿ ಇದು ವಾಜಿಬ್. ಪರೀಕ್ಷಿಸುವುದು ಸುಲಭ: ಬಾಗುವ ಚಲನೆ ಪೂರ್ತಿ ನಿಂತ ಮೇಲೆ ತಸ್ಬೀಹ್ ಶುರು ಮಾಡಿ, ತಸ್ಬೀಹ್ ಮುಗಿದ ಮೇಲೆಯೇ ಏಳಿ. ಇಳಿಯುತ್ತಾ ಶುರು ಮಾಡಿ ಏಳುತ್ತಾ ಮುಗಿಸಿದರೆ ಮೂರು ಸಲ ಹೇಳಿದರೂ ನಿಂತದ್ದಿಲ್ಲ. ಹೆಚ್ಚು ಕೆಡುವ ಜಾಗಗಳು ರುಕೂಅ್ ಅಥವಾ ಸುಜೂದ್ ಅಲ್ಲ, ಅವುಗಳ ನಡುವಿನ ಇಅ್‌ತಿದಾಲ್ ಮತ್ತು ಜಲ್ಸಾ.

ಎರಡನೇ ರಕಅತ್ ಮತ್ತು ಮುಕ್ತಾಯ

ಎರಡನೇ ಸಜ್ದಾದಿಂದ ಎದ್ದಾಗ ಒಂದು ರಕಅತ್ ಮುಗಿಯಿತು. ಎರಡನೆಯದರಲ್ಲಿ ಆರಂಭದ ಪ್ರಾರ್ಥನೆಯಿಲ್ಲ, ಹನಫೀಯಲ್ಲಿ ತಅವ್ವುಝ್ ಕೂಡ ಇಲ್ಲ, ಉಳಿದದ್ದು ಹಾಗೆಯೇ. ಶಾಫಿಈ ಮಝ್‌ಹಬ್‌ನ ಫಜ್ರ್‌ನಲ್ಲಿ ಎರಡನೇ ರಕಅತ್‌ನ ಇಅ್‌ತಿದಾಲ್‌ನಲ್ಲಿ ನಿಂತೇ ಕೈ ಎತ್ತಿ ಮಾಡುವ ಪ್ರಾರ್ಥನೆ ಕುನೂತ್. ಹನಫೀ ಮಝ್‌ಹಬ್‌ನಲ್ಲಿ ಕುನೂತ್ ಇರುವುದು ವಿತ್ರ್ ನಮಾಝಿನಲ್ಲಿ.

ಕೊನೆಯ ಕೂರುವಿಕೆಗೆ ಕಅ್‌ದಾ ಎನ್ನುತ್ತಾರೆ. ಅಲ್ಲಿ ಓದುವುದರ ಹೆಸರು ತಶಹ್ಹುದ್, ಏಕೆಂದರೆ ಅದರೊಳಗೆ ಶಹಾದತ್‌ನ ಸಾಕ್ಷಿವಚನಗಳಿವೆ. ಅದರ ಮೊದಲ ಪದ 'ಅತ್ತಹಿಯ್ಯಾತು' ಆದ್ದರಿಂದ ಅತ್ತಹಿಯ್ಯಾತ್ ಎಂದೂ ಕರೆಯುತ್ತಾರೆ, ಎರಡೂ ಒಂದೇ. ಇದರ ಎರಡು ಪಾಠಗಳು ಪ್ರಚಲಿತ: ಹನಫೀಗಳದು ಇಬ್ನು ಮಸ್‌ಊದ್(ರ) ವರದಿ ಮಾಡಿದ್ದು, ಶಾಫಿಈಗಳದು ಇಬ್ನು ಅಬ್ಬಾಸ್(ರ) ವರದಿ ಮಾಡಿದ್ದು. ಶಾಫಿಈ ಪಾಠದಲ್ಲಿ 'ಅಲ್‌ಮುಬಾರಕಾತು' ಎಂಬ ಪದ ಹೆಚ್ಚಾಗಿರುವುದರಿಂದ ಗುರುತಿಸುವುದು ಸುಲಭ. ಎರಡನ್ನೂ ಬೆರೆಸದೆ ಒಂದನ್ನು ಪೂರ್ತಿ ಕಲಿಯಿರಿ. ನಂತರ ಪ್ರವಾದಿಯವರ ಮೇಲಿನ ಸ್ವಲಾತ್, ಆಮೇಲೆ ದುಆ.

ಕೂರುವ ಭಂಗಿಗೂ ಹೆಸರಿದೆ. ಎಡಪಾದವನ್ನು ಹಾಸಿ ಅದರ ಮೇಲೆ ಕೂರುವುದು ಇಫ್ತಿರಾಶ್. ಎಡಪಾದವನ್ನು ಬಲಗಾಲಿನ ಕೆಳಗಿನಿಂದ ಹೊರಗೆ ಚಾಚಿ ನೆಲದ ಮೇಲೆ ಕೂರುವುದು ತವರ್‍ರುಕ್. ಶಾಫಿಈಯಲ್ಲಿ ಸಲಾಂ ಇರುವ ಕೊನೆಯ ಕೂರುವಿಕೆಗೆ ತವರ್‍ರುಕ್. ಹನಫೀಯಲ್ಲಿ ಗಂಡಸರಿಗೆ ಎಲ್ಲ ಕಡೆಯೂ ಇಫ್ತಿರಾಶ್. ಬಲಕ್ಕೂ ಎಡಕ್ಕೂ ಮುಖ ತಿರುಗಿಸಿ 'ಅಸ್ಸಲಾಮು ಅಲೈಕುಂ ವ ರಹ್‌ಮತುಲ್ಲಾಹ್' ಎಂದು ತಸ್ಲೀಮ್ ಮಾಡಿದಾಗ ನಮಾಝ್ ಮುಗಿಯುತ್ತದೆ.

ಜಮಾಅತ್‌ನಲ್ಲಿ ತಡವಾಗಿ ಸೇರಿದವರು

ಒಬ್ಬರೇ ನಮಾಝ್ ಮಾಡುವವರು ಮುನ್‌ಫರಿದ್. ಇಮಾಮರನ್ನು ಹಿಂಬಾಲಿಸುವವರು ಮಅ್‌ಮೂಮ್ ಅಥವಾ ಮುಕ್ತದೀ. ಒಂದಾದರೂ ರಕಅತ್ ತಪ್ಪಿಹೋದ ಮೇಲೆ ಸೇರಿದವರು ಮಸ್‌ಬೂಕ್. ಕಲಿತ ಪದಗಳು ನಿಜವಾಗಿ ಅರ್ಥವಾಗಿವೆಯೇ ಎಂದು ತಿಳಿಯಲು ಮಸ್‌ಬೂಕ್‌ನ ಲೆಕ್ಕಕ್ಕಿಂತ ಒಳ್ಳೆಯ ಅಭ್ಯಾಸ ಬೇರೆಯಿಲ್ಲ. ಸೂತ್ರ ಒಂದೇ: ಇಮಾಮರೊಂದಿಗೆ ರುಕೂಅ್ ಸಿಕ್ಕರೆ ಆ ರಕಅತ್ ಸಿಕ್ಕಿತು, ರುಕೂಅ್ ತಪ್ಪಿದರೆ ರಕಅತ್ ತಪ್ಪಿತು. ಇಮಾಮ್ ರುಕೂಅ್‌ನಿಂದ ಏಳುವ ಮೊದಲು ನೀವು ಅದರೊಳಗೆ ಇರಬೇಕು. ಶಾಫಿಈಯಲ್ಲಿ ತುಮಅ್‌ನೀನಃ ಸಹಿತ.

ಮಗ್ರಿಬ್‌ನ ಉದಾಹರಣೆ ತೆಗೆದುಕೊಳ್ಳಿ. ನೀವು ಸಫ್ಫ್‌ಗೆ ಅಂದರೆ ಸಾಲಿಗೆ ಸೇರಿದಾಗ ಇಮಾಮ್ ಎರಡನೇ ರಕಅತ್‌ನ ಸುಜೂದ್‌ನಲ್ಲಿದ್ದಾರೆ. ನಿಂತು ತಕ್ಬೀರತುಲ್ ಇಹ್ರಾಮ್ ಹೇಳಿ, ಅವರೊಂದಿಗೆ ಸುಜೂದ್‌ಗೆ ಹೋಗುತ್ತೀರಿ. ರುಕೂಅ್ ಸಿಗಲಿಲ್ಲವಾದ್ದರಿಂದ ಈ ರಕಅತ್ ನಿಮ್ಮ ಲೆಕ್ಕದಲ್ಲಿಲ್ಲ. ಆದರೂ ಇಮಾಮ್ ಮೊದಲ ತಶಹ್ಹುದ್‌ಗೆ ಕುಳಿತಾಗ ನೀವೂ ಕೂರುತ್ತೀರಿ. ಅವರ ಮೂರನೇ ರಕಅತ್ ನಿಮಗೆ ಸಿಕ್ಕ ಒಂದೇ ರಕಅತ್. ಅದರ ಕೊನೆಗೆ ಅವರ ಅಂತಿಮ ತಶಹ್ಹುದ್‌ಗೂ ಜೊತೆಗೆ ಕೂರುತ್ತೀರಿ. ಇಮಾಮ್ ಸಲಾಂ ಹೇಳಿ ಮುಗಿಸಿದ ಮೇಲೆ ನೀವು ಸಲಾಂ ಹೇಳದೆ ಎದ್ದು ಒಂದು ರಕಅತ್ ಮಾಡಿದರೆ ನಿಮ್ಮದು ಎರಡಾಯಿತು, ಆದ್ದರಿಂದ ತಶಹ್ಹುದ್‌ಗೆ ಕೂರಬೇಕು. ಮತ್ತೊಂದು ರಕಅತ್ ಮಾಡಿ, ಕೊನೆಯ ತಶಹ್ಹುದ್, ಸಲಾಂ. ಮೂರು ರಕಅತ್‌ನ ನಮಾಝಿನಲ್ಲಿ ನಾಲ್ಕು ಸಲ ತಶಹ್ಹುದ್ ಆಯಿತು, ಮತ್ತು ಅದು ಸರಿಯಾಗಿಯೇ ಇದೆ. ಎದ್ದು ಮಾಡುವ ರಕಅತ್‌ಗಳಲ್ಲಿ ಸೂರಃ ಓದುವ ವಿಷಯದಲ್ಲಿ ಮಝ್‌ಹಬ್‌ಗಳ ವಿವರ ಬೇರೆಯಿದ್ದರೂ ಕೂರುವ ಜಾಗಗಳು ಇವೇ.

ಇದರಲ್ಲಿ ಎರಡು ಕಡೆ ಜನ ಎಡವುತ್ತಾರೆ. ಇಮಾಮ್ ಮೊದಲ ಸಲಾಂ ಹೇಳುತ್ತಿರುವಾಗಲೇ ಎದ್ದುಬಿಡುವುದು ಒಂದು. ಎರಡನೇ ಸಲಾಂ ಮುಗಿಯುವವರೆಗೆ ಕಾಯಿರಿ. ಇನ್ನೊಂದು ಹೆಚ್ಚು ಗಂಭೀರ. ಇಮಾಮ್ ರುಕೂಅ್‌ನಲ್ಲಿದ್ದಾಗ ರಕಅತ್ ಸಿಗಲೆಂದು ಓಡಿಬಂದು, ಬಾಗುತ್ತಾ ಬಾಗುತ್ತಾ ಒಂದೇ ತಕ್ಬೀರ್ ಹೇಳಿ ಸೇರುತ್ತಾರೆ. ಅದು ಇಹ್ರಾಮ್‌ನ ತಕ್ಬೀರ್ ಆಗಬೇಕಾದರೆ ನಿಂತೇ ಮುಗಿಯಬೇಕು. ಬಾಗಿದ ಮೇಲೆ ಹೇಳಿದ್ದಾದರೆ ನಮಾಝಿಗೆ ಪ್ರವೇಶವೇ ಆಗಲಿಲ್ಲ. ನೆಟ್ಟಗೆ ನಿಂತು, ಪ್ರವೇಶದ ನಿಯ್ಯತ್‌ನೊಂದಿಗೆ ಒಂದು ತಕ್ಬೀರ್ ಪೂರ್ತಿ ಹೇಳಿ, ನಂತರ ಇನ್ನೊಂದು ತಕ್ಬೀರ್‌ನೊಂದಿಗೆ ರುಕೂಅ್‌ಗೆ ಇಳಿಯಿರಿ. ಅಷ್ಟರಲ್ಲಿ ಇಮಾಮ್ ಎದ್ದುಬಿಟ್ಟರೆ ಆ ಒಂದು ರಕಅತ್ ಕೊನೆಗೆ ಎದ್ದು ಮಾಡಿಕೊಳ್ಳಬಹುದು.

ಮರೆತಾಗ

ಸಹ್ವ್ ಎಂದರೆ ಮರೆವು. ಝುಹ್ರ್‌ನಲ್ಲಿ ಎರಡನೇ ರಕಅತ್‌ನ ಕೂರುವಿಕೆಯನ್ನು ಮರೆತು ಪೂರ್ತಿ ಎದ್ದು ನಿಂತಿರಿ ಎಂದುಕೊಳ್ಳಿ. ಹಿಂದಕ್ಕೆ ಕೂರಬೇಡಿ, ಮುಂದುವರಿಯಿರಿ. ಆ ಕೂರುವಿಕೆ ಹನಫೀಯಲ್ಲಿ ವಾಜಿಬ್, ಶಾಫಿಈಯಲ್ಲಿ ಅಬ್‌ಆಝ್‌ಗಳಲ್ಲೊಂದು. ಎರಡರಲ್ಲೂ ಕೊನೆಗೆ ಸಹ್ವ್‌ನ ಎರಡು ಸಜ್ದಾಗಳಿವೆ. ಶಾಫಿಈ ಕ್ರಮದಲ್ಲಿ ಅವು ಸಲಾಂಗೆ ಮೊದಲು. ಹನಫೀ ಕ್ರಮದಲ್ಲಿ ತಶಹ್ಹುದ್ ಓದಿ, ಬಲಕ್ಕೆ ಒಂದು ಸಲಾಂ ಹೇಳಿ, ಎರಡು ಸಜ್ದಾ ಮಾಡಿ, ಮತ್ತೆ ತಶಹ್ಹುದ್ ಓದಿ ಸಲಾಂ. ಆದರೆ ಮರೆತದ್ದು ರುಕೂಅ್ ಆಗಿದ್ದರೆ ಸಹ್ವ್‌ನ ಸಜ್ದಾ ಅದರ ಜಾಗ ತುಂಬುವುದಿಲ್ಲ, ಏಕೆಂದರೆ ಅದು ರುಕ್ನ್. ಮರೆತದ್ದು ರುಕೂಅ್‌ನ ತಸ್ಬೀಹ್ ಮಾತ್ರವಾಗಿದ್ದರೆ ಎರಡೂ ಮಝ್‌ಹಬ್‌ಗಳಲ್ಲಿ ಸಹ್ವ್‌ನ ಸಜ್ದಾವೂ ಬೇಕಿಲ್ಲ.